ನವಣೆಯ ಎಳೆ

ಸಾಬೀರಾಳ ಸಿಟ್ಟಿಗೆ ಬೆಟಗೇರಿಯ ಆ ಓಣಿಯಲ್ಲಿ ದೊಡ್ಡ ಹೆಸರು. ಹಾಲಿನವನು ಆಕೆಯ ಬಾಗಿಲಿಗೆ ಬರುವ ಮುಂಚೆ ಗಂಟಲು ಸರಿಮಾಡಿಕೊಂಡು, ಅಳತೆಯ ಲೋಟ ಎತ್ತಿ ಹಿಡಿದುಕೊಂಡೇ ಬರುತ್ತಿದ್ದ ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಅಂಥ ಸಾಬೀರಾ ಆ ಸೋಮವಾರ ಒಂದು ಮಾತೂ ಆಡದೆ ಹೊಸ್ತಿಲ ಮೇಲೆ ಕುಳಿತುಬಿಟ್ಟಿದ್ದಳು. ಎದುರಿಗೆ ಗಂಡ ಅಬ್ರಾರ ಟಂಟಂ ಗಾಡಿಯಿಂದ ಇಳಿಸಿದ ಚೀಲ. ಚೀಲದೊಳಗೆ ಲಕ್ಷ್ಮೇಶ್ವರದ ಅಂಗಡಿಗೆ ಹೋಗಿ ವಾಪಸ್ ಬಂದ ಹದಿನಾರು ಪಾಕೀಟು ನವಣೆ ಶಾವಿಗೆ.

ಒಂದು ಪಾಕೀಟು ಎತ್ತಿ ಬೆಳಕಿಗೆ ಹಿಡಿದಳು. ಮೇಲೆ ಚೆಂದದ ಹಸಿರು ಅಕ್ಷರ: "ಪೂರ್ತಿ ನವಣೆ. ಗೋಧಿ ಇಲ್ಲ, ಮೈದಾ ಇಲ್ಲ." ಒಳಗೆ ಶಾವಿಗೆಯೂ ಇಲ್ಲ. ದಾರಿಯ ತಗ್ಗು ದಿನ್ನೆಗೆ ಕುಲುಕಿ ಕುಲುಕಿ ಎಳೆಗಳೆಲ್ಲ ನುಚ್ಚಾಗಿ ತಳದಲ್ಲಿ ಕೂತಿದ್ದವು.

"ಇದಾದ್ರೂ ಪರವಾಗಿಲ್ಲ," ಅಂದ ಅಬ್ರಾರ, ಸ್ವಲ್ಪ ದೂರವೇ ನಿಂತು. "ಒಯ್ದವರು ಮನ್ಯಾಗ ಕುದಿಸಿದ್ರ ಅಂಬಲಿ ಆತಂತ. ಬೀರಲಿಂಗಪ್ಪ ಸಾವಕಾರ್ರು ಚಮಚದಾಗ ಎತ್ತಿ ತೋರಿಸಿದ್ರು."

"ಬೈದ್ರೇನು?"

"ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಹಬ್ಬಕ್ಕ ನಾಕು ದಿನ ಇರೂದ್ರಾಗ ಇನ್ನೊಮ್ಮೆ ತರ್ರಿ ಅಂದ್ರು. ಎಳಿ ಎಳಿ ನಿಂತ್ರ ಅಂಗಡ್ಯಾಗ ಎದುರಿನ ಹಲಗಿ ನಿಮ್ಮದ. ಶಿರಹಟ್ಟಿ, ಮುಂಡರಗಿ ಬೀಗರ ಅಂಗಡಿಗೂ ನಾನ ಹೇಳ್ತೀನಿ ಅಂದ್ರು. ನಿಲ್ಲಲಿಲ್ಲಂದ್ರ ಮತ್ತ ಬರಬ್ಯಾಡ್ರಿ ಅಂದ್ರು."

ಅಬ್ರಾರ ತಲೆ ಕೆರೆದುಕೊಂಡ. "ಮತ್ತ ಅದನ್ನ ಕೇಳಿದ್ರು. ಗೋಧಿ ಒಂದು ಕಾಳೂ ಕೂಡಿಲ್ಲ ಹೌದಲ್ಲೋ ಅಂತ. ಹ್ವಾದ ಸಲ ಮೂರು ಸಲ ಕೇಳಿದ್ರು, ಈ ಸಲನೂ ಮೂರು ಸಲ."

"ಆ ಮನಷ್ಯಾಗ ಗೋಧಿ ಮ್ಯಾಲ ಏನ ಹಗೆತನ ಐತೋ ಏನೋ," ಅಂದು ಸಾಬೀರಾ ಎದ್ದಳು. ಹಬ್ಬ ಅಂದರೆ ರಮಜಾನ್ ಹಬ್ಬ. ಇನ್ನು ಹನ್ನೆರಡು ದಿನ. ಲಕ್ಷ್ಮೇಶ್ವರದಲ್ಲಿ ಮನೆ ಮನೆಗೆ ಶಾವಿಗೆ ಬೇಕಾಗುವ ಹೊತ್ತಿನಲ್ಲಿ ಆಕೆಯ ಶಾವಿಗೆ ವಾಪಸ್ ಬಂದಿತ್ತು.

ಹಾಗಂತ ಆಕೆ ಕಣ್ಣು ಮುಚ್ಚಿ ಈ ದಂಧೆಗೆ ಬಿದ್ದವಳಲ್ಲ. ಹುಲಕೋಟಿಯಲ್ಲಿ ತರಬೇತಿ ಪಡೆದಿದ್ದಳು. ಅಲ್ಲಿ ಕಲಿಸಿದ್ದು ಗೋಧಿ ಬೆರೆಸಿದ ಸಿರಿಧಾನ್ಯದ ಶಾವಿಗೆ, ಅದು ಸರಿಯಾಗಿಯೇ ಬಂದಿತ್ತು. ಆದರೆ ಈಕೆಗೆ ಹಠ. ನವಣೆ ಅಂತ ಬರೆದ ಮೇಲೆ ನವಣೆಯೇ ಇರಬೇಕು, ಅರ್ಧ ಗೋಧಿ ತುಂಬಿ ನವಣೆಯ ಚಿತ್ರ ಅಂಟಿಸುವುದು ಎಂಥ ವ್ಯಾಪಾರ ಅಂತ. ಕಪ್ಪತಗುಡ್ಡದ ಬುಡದ ರೈತರಿಂದ ನವಣೆ ತಂದು, ಮೇಲಿನ ಹೊಟ್ಟು ತೆಗೆಸಿ ನವಣಕ್ಕಿ ಮಾಡಿಸುತ್ತಿದ್ದಳು. ಓಣಿಯ ಗಿರಣಿಯಲ್ಲಿ ಗೋಧಿ ಜೋಳ ಎಲ್ಲ ಬೀಳುತ್ತದೆಂದು ಹಿಟ್ಟು ಬೀಸಲು ತನ್ನದೇ ಸಣ್ಣ ಗಿರಣಿ ಇಟ್ಟಿದ್ದಳು. ಕಣಕ ಒತ್ತಿ ಎಳೆ ಬಿಡುವ ಮಿಷನ್ನು, ಆವಿಯಲ್ಲಿ ಬೇಯಿಸುವ ಡಬ್ಬಿ, ಪಾಕೀಟಿನ ಬಾಯಿ ಮುಚ್ಚುವ ಮಿಷನ್ನು ಎಲ್ಲ ಇತ್ತು. ಇಷ್ಟೆಲ್ಲ ಇದ್ದೂ ಎಳೆ ನಿಲ್ಲಲಿಲ್ಲ ನೋಡಿ! ಗೋಧಿಗೆ ಇರುವ ಅಂಟು ನವಣೆಗೆ ಇಲ್ಲ. ದೇವರು ಕೊಟ್ಟಿಲ್ಲ, ಸಾಬೀರಾ ಬೈದರೆ ಬರುತ್ತದೆಯೆ?

ಇಷ್ಟೂ ನಡೆಯುತ್ತಿದ್ದುದು ಮಲ್ಲವ್ವನ ಮಗ್ಗದ ಮನೆಯಲ್ಲಿ. ಮಲ್ಲವ್ವನಿಗೆ ಎಪ್ಪತ್ತೈದು ದಾಟಿತ್ತು. ಗಂಡ ಕಲ್ಲಣ್ಣ ಇದ್ದಾಗ ಅಲ್ಲಿ ಎರಡು ಮಗ್ಗ ನಡೆಯುತ್ತಿದ್ದವು. ಆತ ಹೋದ ಮೇಲೆ ಮಗ್ಗ ಬಿಚ್ಚಿ, ನೇಕಾರ ಕಾಲು ಇಳಿಬಿಟ್ಟು ಕೂಡುವ ಕುಣಿಗೆ ಬಂಡೆ ಮುಚ್ಚಿ, ಮನೆಯನ್ನು ಸಾಬೀರಾಳ ದಂಧೆಗೆ ಬಾಡಿಗೆಗೆ ಕೊಟ್ಟು ತಾನು ಹಿಂದಿನ ಖೋಲಿಯಲ್ಲಿ ಇದ್ದಳು. ಎರಡೂ ಕಣ್ಣಿಗೆ ಮಬ್ಬು. ಬೆಳಕು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಗೋಡೆ ಹಿಡಿದು ಬಂದು, "ಏನರ ಕೆಲಸ ಕೊಡಬೇ, ಕೈ ಸುಮ್ನ ಕುಂತ್ರ ನೋಯ್ತಾವು" ಅನ್ನುತ್ತಿದ್ದಳು. ಮಿಷನ್ನಿನಿಂದ ಇಳಿದ ಹಸಿ ಎಳೆಗಳನ್ನು ಬಿದಿರಿನ ತಟ್ಟೆಯ ಮೇಲೆ ಹರಡುವ ಕೆಲಸ ಆಕೆಯದು. ನಿಧಾನ ಅಂದರೆ ನಿಧಾನ. ಸಾಬೀರಾ ಎಷ್ಟೋ ಸಲ ಹಲ್ಲು ಕಚ್ಚಿ ಸುಮ್ಮನಾಗಿದ್ದಳು. ಮನೆಯ ಒಡತಿಯನ್ನು ಬೈಯುವುದು ಹೇಗೆ?

ಮರುದಿನ ಸಾಬೀರಾ ನೀರು ಕಡಿಮೆ ಹಾಕಿ ನೋಡಿದಳು. ಎಳೆ ಮಿಷನ್ನಿನ ಬಾಯಲ್ಲೇ ತುಂಡಾಯಿತು. ಬುಧವಾರ ಬಿಸಿನೀರು ಹಾಕಿ ಕಲಸಿದಳು. ತುಸು ಚಲೋ ಬಂತು. ಮಾಳಿಗೆಯ ಮೇಲೆ ಮಾರ್ಚ್ ತಿಂಗಳ ಕೆಂಡದಂಥ ಬಿಸಿಲಿಗೆ ಹಾಕಿದರೆ ಮಧ್ಯಾಹ್ನದೊಳಗೆ ಮೈಯೆಲ್ಲ ಸೀಳಿ, ಮುಟ್ಟಿದರೆ ಮುರಿಯಿತು. ರೋಜಾ ಹಿಡಿದವಳು, ಹಗಲು ಬಾಯಿಗೆ ಹಾಕಿ ನೋಡುವ ಹಾಗೂ ಇಲ್ಲ. ಸಂಜೆ ರೋಜಾ ಬಿಟ್ಟ ಮೇಲೆ ಒಂದು ಹಿಡಿ ಕುದಿಸಿದಳು. ಮತ್ತೆ ಅದೇ ಅಂಬಲಿ. ಗುರುವಾರವೂ ಅದೇ.

"ಒಂದೀಟು ಮೈದಾ ಹಾಕಬಾರದೇನು," ಅಂದ ಅಬ್ರಾರ ಮೆಲ್ಲಗೆ. "ಎಲ್ಲಾರೂ ಹಾಕ್ತಾರ."

"ಎಲ್ಲಾರೂ ಹಾಕ್ತಾರಂತ ನಾನೂ ಹಾಕ್ಲೇನು? ಮ್ಯಾಲ ಏನ ಬರದೇನಿ ಓದಾಕ ಬರತೈತಿಲ್ಲೋ ನಿಮಗ?" ಅಂತ ಆಕೆ ಚೀರಿದ್ದು ಮೂರು ಮನೆ ಆಚೆ ಕೇಳಿಸಿತು.

ಚೀರಿದ್ದು ನಿಜ. ಆದರೆ ಶುಕ್ರವಾರ ಬೆಳಿಗ್ಗೆ ತನ್ನ ಮನೆಯಿಂದ ಬರುವಾಗ ಆಕೆಯ ಓಡನಿಯ ಸೆರಗಿನಲ್ಲಿ ಒಂದು ಗಂಟು ಇತ್ತು. ಅದರೊಳಗೆ ಎರಡು ಹಿಡಿ ಮೈದಾ. ಇಡೀ ಪಾತ್ರೆ ಹಿಟ್ಟಿಗೆ ಎರಡು ಹಿಡಿ ಎಷ್ಟರದು ಅಂತ ಆಕೆ ತನಗೆ ತಾನೇ ಹೇಳಿಕೊಂಡಳು. ದಾರಿಯುದ್ದಕ್ಕೂ ಹೇಳಿಕೊಂಡಳು. ಯಾರಿಗೆ ಗೊತ್ತಾಗುತ್ತದೆ? ನವಣೆಯೂ ಬಿಳಿಹಳದಿ, ಅದರೊಳಗೆ ಇದು ಮುಳುಗಿ ಹೋಗುತ್ತದೆ. ಹಬ್ಬ ಮುಗಿದ ಮೇಲೆ ಸಾವಕಾಶ ಪೂರ್ತಿ ನವಣೆಯದನ್ನು ಕಲಿತರಾಯಿತು. ಹಸಿದ ಹೊಟ್ಟೆಯಲ್ಲಿ, ರೋಜಾ ಹಿಡಿದ ಕೈಯಿಂದ ಆ ಗಂಟು ಬಿಚ್ಚುವಾಗ ಆಕೆಗೆ ನಾಚಿಕೆಯಾಯಿತು. ನಾಚಿಕೆಯಾದರೂ ಬಿಚ್ಚಿದಳು. ಹಿಟ್ಟು ಮೈದಾ ಎರಡನ್ನೂ ಸಣ್ಣ ಜರಡಿಯಲ್ಲಿ ಹಿಡಿದು, ಜರಡಿಯನ್ನು ಗೋಡೆಯ ಗೂಟಕ್ಕೆ ತೂಗುಹಾಕಿ, ಬೇಗ ಬೇಗ ಕಲಸಿದಳು.

ಎಳೆ ಏನು ಚೆಂದ ಬಂತು ಅಂತೀರಿ! ಹೊಳೆಹೊಳೆಯುತ್ತ, ತುಂಡಾಗದೆ, ಮೊಳದುದ್ದ ಇಳಿಯಿತು. ಸಾಬೀರಾಳಿಗೆ ಅಳು ಬರುವಷ್ಟು ಸಂತೋಷವಾಯಿತು.

"ಆಯೀ, ಬಾರಬೇ, ಇವತ್ತು ಎಳಿ ಬಂದೈತಿ!"

ಮಲ್ಲವ್ವ ಬಂದು ಕುಳಿತು, ಕೈ ಒರೆಸಿಕೊಂಡು, ಮೊದಲ ಎಳೆಯನ್ನು ಎರಡು ಬೆರಳಿನ ನಡುವೆ ಹಿಡಿದಳು. ಹಿಡಿದ ಕೈ ಹಾಗೇ ನಿಂತಿತು. ಹೆಬ್ಬೆರಳು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಸರಿಯಿತು. ಎರಡನೆಯ ಎಳೆ ಹಿಡಿದಳು. ಮೂರನೆಯದನ್ನು ಹಿಡಿದು ಕೆಳಗಿಟ್ಟಳು.

"ಸಾಬೀರಾ, ಇದರಾಗ ಬ್ಯಾರೆ ಏನೋ ಕೂಡೇತಲ್ಲ."

ಸಿಕ್ಕಿಬಿದ್ದಾಗಲೆಲ್ಲ ಸಾಬೀರಾಳಿಗೆ ಮೊದಲು ಬರುವುದು ಸಿಟ್ಟು. "ಏನ ಕೂಡೇತಿ? ಮೂರು ದಿನ ಹರದ್ರ ಸುಮ್ನ ಇದ್ದಿ, ಇವತ್ತ ಬರೋಬ್ಬರಿ ಬಂದ್ರ ಹೆಸರಿಡ್ತಿ? ಕಣ್ಣ ಕಾಣೂದಿಲ್ಲ ನಿನಗ, ನೋಡದ ಹೆಂಗ ಹೇಳ್ತಿ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಲ್ಲವ್ವ ಮಾತ್ರ ಏನೂ ಆಗದವಳ ಹಾಗೆ ಕೂತಿದ್ದಳು. "ಎಳಿ ನೋಡಾಕ ಕಣ್ಣ ಯಾಕ ಬೇಕಬೇ," ಅಂದಳು.

ಸಾಬೀರಾಳಿಗೆ ಛಲ ಬಂತು. ಒಳಗೆ ಹೋಗಿ ನಿನ್ನೆ ಉಳಿದಿದ್ದ ಶುದ್ಧ ನವಣೆಯ ಕಣಕದಿಂದ ಒಂದು ಎಳೆ ಹೊಸೆದಳು. ಇವತ್ತಿನ ಕಣಕದಿಂದ ಎರಡು ಹೊಸೆದಳು. ಮೂರನ್ನೂ ಒಂದೇ ದಪ್ಪಕ್ಕೆ ತಂದು, ಹಿಂದು ಮುಂದು ಮಾಡಿ, ಮುದುಕಿಯ ಅಂಗೈ ಮೇಲೆ ಇಟ್ಟಳು. ಮಲ್ಲವ್ವ ಬೆರಳಿನ ತುದಿಯಿಂದ ಒಂದೊಂದನ್ನೇ ಮೆಲ್ಲಗೆ ಜಗ್ಗಿ ಬಿಟ್ಟಳು. ಹಾಗೆ ಮಾಡುವಾಗ ಆಕೆಯ ಮುಖ ಮೇಲಕ್ಕೆ ತಿರುಗಿತ್ತು, ತೊಲೆಯ ಕಡೆಗೆ.

"ಇದು ನಿನ್ನಿದು. ಇವೆರಡೂ ಇವತ್ತಿಂದು." ಮುದುಕಿ ನಕ್ಕಳು. "ಒಂದ ತರದ್ದು ಎರಡ ಇಟ್ಟು ಮೋಸ ಮಾಡಾಕ ನೋಡ್ತಿ, ಹೌದಿಲ್ಲೋ?"

ಸಾಬೀರಾ ಬಗ್ಗಿ ಮೂರೂ ಎಳೆಗಳನ್ನು ನೋಡಿದಳು. ಇಡೀ ಪಾತ್ರೆಯಲ್ಲಿ ಎರಡೇ ಹಿಡಿ! ತಾನು ಹಾಕಿದ್ದು ತನ್ನ ಕಣ್ಣಿಗೇ ಕಾಣದೆ ಹೋಗಿತ್ತು. ಆ ಸುಕ್ಕುಗಟ್ಟಿದ ಎರಡು ಬೆರಳು ಅದನ್ನು ಹೋಗಿ ಹಿಡಿದು ತಂದಿದ್ದವು.

"ಹೆಂಗಬೇ ಆಯಿ?" ಅಂದಳು. ದನಿ ಸಣ್ಣದಾಗಿತ್ತು.

"ನವಣಿ ಎಳಿ ಜಗ್ಗಿದ್ರ ಸುಮ್ನ ಹರೀತೈತಿ, ಪಾಪ, ಅದಕ್ಕ ಸುಳ್ಳ ಹೇಳಾಕ ಬರೂದಿಲ್ಲ. ಇದು ಜಗ್ಗಿದ್ರ ಒಂದೀಟು ಬರತೈತಿ, ಬಿಟ್ರ ಹಿಂದ ಸರೀತೈತಿ. ಗೋಧಿ ಹಂಗ ಮಾಡತೈತಿ." ಮಲ್ಲವ್ವ ಎಳೆಗಳನ್ನು ಮುದ್ದೆ ಮಾಡಿ ಇಟ್ಟಳು. "ನಮ್ಮ ಇವರಿಗೆ ಒಮ್ಮೆ ನೂಲಿನವ ಬ್ಯಾರೆ ನೂಲು ಕೂಡಿಸಿ ಕೊಟ್ಟಿದ್ದ. ಸೀರಿ ಮುಕ್ಕಾಲು ನೇಯ್ದ ಮ್ಯಾಲ ಗೊತ್ತಾತು. ಯಾರೂ ಕಂಡು ಹಿಡಿಯಾಂಗಿರಲಿಲ್ಲ. ಎರಡು ದಿನ ಕುಂತು ಎಳಿ ಎಳಿ ಬಿಚ್ಚಿದ್ರು. ಉಟ್ಟಾಕಿ ಮೈಗೆ ಗೊತ್ತಾಗತೈತಿ ಅಂತಿದ್ರು."

ಸಾಬೀರಾ ಮುದುಕಿಯ ಎದುರು ಕುಳಿತಳು. "ಇನ್ನೇನ ಮಾಡ್ಲಿ ಆಯಿ? ಪೂರ್ತಿ ನವಣಿ ಎಳಿ ನಿಲ್ಲೂದಿಲ್ಲ. ಮೂರು ದಿನ ಹೆಣಗೇನಿ."

"ಗಂಜಿ ಹಾಕೀಯೇನು?"

"ಯಾತಕ್ಕ?"

"ಎಳಿಗೆ. ಗಂಜಿ ಇಲ್ಲದ ನೂಲು ಮಗ್ಗದ ಮ್ಯಾಲ ಒಂದು ಗೇಣು ನಿಂತೀತೇನು? ಹತ್ತಿ ನೂಲಾದ್ರೂ ಅಷ್ಟ, ಬಡಿತಕ್ಕ ಪಟ ಪಟ ಹರೀತೈತಿ." ಮುದುಕಿ ಎಂಥ ಸಣ್ಣ ಮಾತು ಎಂಬಂತೆ ಕೈ ತಿರುವಿದಳು. "ನೀ ಯಾವಾಗೂ ಹಸಿ ಹಿಟ್ಟ ಕಲಸ್ತಿ. ಹಿಡಿಯೂದು ಯಾವುದು ಅದಕ್ಕ? ಅದರ ಹಿಟ್ಟಿಂದ ಅದಕ್ಕ ಗಂಜಿ ಕಾಯಿಸಬೇಕು. ಮೊದಲ ಇದನ್ನೆಲ್ಲ ಒಗಿ. ಮಿಷನ್ ಬಿಚ್ಚಿ ತೊಳಿ."

ಬೆರಕೆಯ ಕಣಕ ಪಕ್ಕದ ಮನೆಯ ಎಮ್ಮೆಗೆ ಹೋಯಿತು. ಸಾಬೀರಾ ಮಿಷನ್ನಿನ ಒಂದೊಂದು ಭಾಗ ಬಿಚ್ಚಿದಳು. ಎಳೆ ಬೀಳುವ ಅಚ್ಚನ್ನು ನೀರಲ್ಲಿ ಕುದಿಸಿ, ತೂತು ತೂತಿಗೂ ಕಡ್ಡಿ ಹಾಕಿ ತೆಗೆದಳು. ಪಾತ್ರೆ ಉಜ್ಜಿದಳು, ತಟ್ಟೆಯ ಮೇಲೆ ಹಾಸುವ ಅರಿವೆ ಬದಲಿಸಿದಳು, ನೆಲ ಮೂರು ಸಲ ಒರೆಸಿದಳು. ಅಬ್ರಾರ ಬಂದು ನೋಡಿ, ಕೇಳಬೇಕೆಂದುಕೊಂಡದ್ದನ್ನು ಕೇಳದೆ ಹೋದ. ಜಾಣ.

ಶನಿವಾರ ಬೆಳಿಗ್ಗೆ, ನಸುಕಿನ ಸಹರಿಯ ಊಟ ಮುಗಿಸಿ ನಮಾಜು ಮಾಡಿ ಸಾಬೀರಾ ಮಗ್ಗದ ಮನೆಗೆ ಬರುವಷ್ಟರಲ್ಲಿ ಮಲ್ಲವ್ವ ಒಲೆಯ ಮುಂದೆ ಕುಳಿತಾಗಿತ್ತು. ಹಿಟ್ಟಿನಲ್ಲಿ ಐದನೆಯ ಒಂದು ಪಾಲು ತೆಗೆದು, ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿಸಿದಳು. ಕುದಿಯುವ ನೀರಿಗೆ ಅದನ್ನು ಸಣ್ಣ ಧಾರೆಯಾಗಿ ಬಿಡಿಸಿ, ತಾನೇ ಕಟ್ಟಿಗೆಯ ಹುಟ್ಟು ಹಿಡಿದಳು. ಹುಟ್ಟು ತಿರುಗತೊಡಗಿತು. ಕಣ್ಣು ಮುಚ್ಚಿಕೊಂಡಿದ್ದಳು. ಕಾಣದ ಕಣ್ಣು ಮುಚ್ಚಿಕೊಂಡು ಆಕೆ ಕೇಳುತ್ತಿದ್ದಳು.

"ಕೇಳು, ಈಗ ಪುಟು ಪುಟು ಅನ್ನಾಕ ಹತ್ತೇತಿ. ಇನ್ನೂ ಹಸಿ ಐತಿ." ಸ್ವಲ್ಪ ಹೊತ್ತಿನ ಮೇಲೆ, "ಈಗ ದನಿ ದಪ್ಪ ಆತು, ಕೇಳ್ತೇನು? ಬಿಳುಪು ಹೋತೇನ್ ನೋಡು."

ಸಾಬೀರಾ ಬಗ್ಗಿ ನೋಡಿದಳು. ನಿಜವಾಗಿಯೂ ಗಂಜಿಯ ಸುಣ್ಣದಂಥ ಬಿಳುಪು ಅದೇ ಆಗ ಹೋಗಿ, ಒಳಗಿನಿಂದ ಬೆಳಕು ಬಿದ್ದ ಹಾಗೆ ತಿಳಿಯಾಗಿತ್ತು. "ಹೋತು ಆಯಿ!"

ಮಲ್ಲವ್ವ ಒಂದು ಹನಿ ಬೆರಳಿಗೆ ತೆಗೆದುಕೊಂಡು, ಊದಿ, ಎರಡು ಬೆರಳು ಕೂಡಿಸಿ ಬಿಡಿಸಿದಳು. ನಡುವೆ ಒಂದು ಎಳೆ ಎದ್ದಿತು, ಕೂದಲಿನಷ್ಟು ಸಣ್ಣದು. ಹರಿಯಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬಿದ್ದ ಬೆಳಕಿನಲ್ಲಿ ಅದು ಮಿಂಚಿತು. ಸಾಬೀರಾ ಆ ಎಳೆಯನ್ನೇ ನೋಡುತ್ತ ನಿಂತಳು. ನಾಲ್ಕು ದಿನ ತಾನು ಕಾದಾಡಿದ ಆ ಒಣ ಒರಟು ನವಣೆಯೊಳಗೆ ಇದು ಎಲ್ಲಿ ಅಡಗಿತ್ತು! ಅಲ್ಲೇ ಇತ್ತು. ಕರೆಯುವವರು ಇರಲಿಲ್ಲ, ಅಷ್ಟೆ.

ಗಂಜಿ ಕೈ ತಾಳುವಷ್ಟು ಆರಿದ ಮೇಲೆ ಉಳಿದ ಹಿಟ್ಟು ಕೂಡಿಸಿ ನಾದಿದರು. ಒದ್ದೆ ಅರಿವೆ ಮುಚ್ಚಿ ಇಟ್ಟರು. ಮಿಷನ್ನಿಗೆ ಹಾಕಿದಾಗ ಎಳೆ ನೆಟ್ಟಗೆ ಇಳಿಯಿತು. ಆವಿಯಲ್ಲಿ ಬೆಂದ ಮೇಲೆ ಸಾಬೀರಾ ಅಭ್ಯಾಸದಂತೆ ತಟ್ಟೆ ಎತ್ತಿಕೊಂಡು ಮಾಳಿಗೆಯ ಮೆಟ್ಟಿಲಿಗೆ ಹೊರಟಳು.

"ಎಲ್ಲಿಗೆ? ಬಿಸಿಲಿಗೇನು?" ಮಲ್ಲವ್ವನ ದನಿ ಮೊದಲ ಸಲ ಏರಿತು. "ಹುಚ್ಚ ಹಿಡದೈತೇನ ನಿನಗ! ಗಂಜಿ ಹಾಕಿದ ನೂಲಿನ ಹಾಸು ಯಾರರ ಉರಿಬಿಸಿಲಿಗೆ ಒಣಗಸ್ತಾರೇನು? ಮ್ಯಾಲ ಒಣಗತೈತಿ, ಒಳಗ ಹಸಿ ಇರತೈತಿ, ಸೀಳಿಬಿಡತೈತಿ. ನಾವು ಮೂಡಣ ಕೆಂಪಾಗೂದ್ರಾಗ ಓಣ್ಯಾಗ ಹಾಸು ಹಾಸಿ ಗಂಜಿ ಬಳಿದು, ಬಿಸಿಲ ಬರೂದ್ರಾಗ ಸುತ್ತಿ ಒಳಗ ತರತಿದ್ವಿ. ಇಳಿ. ಬಾಗಲಾ ಮುಚ್ಚು, ಗಾಳಿ ಬಡೀಬಾರದು."

ಬೆಂದ ಎಳೆಗಳು ಒದ್ದೆ ಅರಿವೆಯಡಿ ಮಧ್ಯಾಹ್ನದ ತನಕ ಸುಮ್ಮನೆ ಮಲಗಿದವು, ಮಲಗಿ ಗಟ್ಟಿಯಾದವು. ಆಮೇಲೆ ಮಲ್ಲವ್ವ ಎದ್ದಳು. ಮೂಲೆಯಲ್ಲಿ ಹನ್ನೆರಡು ವರ್ಷದಿಂದ ಧೂಳು ತಿನ್ನುತ್ತಿದ್ದ ಬಿದಿರಿನ ಗಳಗಳನ್ನು ಸಾಬೀರಾ ಆಗಲೇ ತೊಳೆದಿಟ್ಟಿದ್ದಳು. ಅವನ್ನು ತೊಲೆಯ ಹಳೆಯ ಗೂಟಗಳಿಗೆ ಅಡ್ಡ ಹಾಕಿಸಿ, ಮುದುಕಿ ಎಳೆಗಳನ್ನು ಹಿಡಿ ಹಿಡಿಯಾಗಿ ಎತ್ತಿ, ಬೆರಳಿನಿಂದ ಬಾಚಿ, ಗಳದ ಮೇಲೆ ಬಿಟ್ಟಳು. ಒಂದರ ಮೇಲೊಂದು ಬೀಳಲಿಲ್ಲ, ಒಂದಕ್ಕೊಂದು ಅಂಟಲಿಲ್ಲ. ನಿಧಾನ ಅಂತ ತಾನು ಹಲ್ಲು ಕಚ್ಚಿದ್ದು ಈ ಬೆರಳುಗಳಿಗೆ ಎಂದು ಸಾಬೀರಾಳಿಗೆ ನೆನಪಾಯಿತು. ಅವು ನಿಧಾನವಾಗಿರಲಿಲ್ಲ. ಒಂದೊಂದು ಎಳೆಯನ್ನೂ ಮಾತಾಡಿಸಿ ಕಳಿಸುತ್ತಿದ್ದವು.

ಸಂಜೆಯ ಹೊತ್ತಿಗೆ ಮಗ್ಗದ ಮನೆಯ ಈ ಗೋಡೆಯಿಂದ ಆ ಗೋಡೆಯ ತನಕ ನವಣೆಯ ಎಳೆಗಳು ಇಳಿಬಿದ್ದಿದ್ದವು. ಬಂಡೆ ಮುಚ್ಚಿದ ಕುಣಿಯ ಮೇಲೆ, ಎಲ್ಲಿ ಕಲ್ಲಣ್ಣನ ಹಾಸು ಬಿಗಿದಿರುತ್ತಿತ್ತೋ ಅಲ್ಲಿಯೇ, ಹೊನ್ನಿನ ಬಣ್ಣದ ಹಾಸು ಬಿಗಿದ ಹಾಗೆ. ಇಬ್ಬರೂ ಬಾಗಿಲಲ್ಲಿ ನಿಂತರು. ಸಾಬೀರಾ ಉಸಿರು ಬಿಡಲಿಕ್ಕೂ ಹೆದರಿದಳು.

"ಹೆಂಗ ಕಾಣತೈತಿ?" ಅಂತ ಕೇಳಿದಳು ಮಲ್ಲವ್ವ.

"ಏನ ಹೇಳ್ಲಿ ಆಯಿ," ಅಂದಳು ಸಾಬೀರಾ. "ದರ್ಗಾದಾಗ ನಿಂತಾಂಗ ಆಗೇತಿ."

ಎರಡು ದಿನ ನೆರಳು, ಮೂರನೆಯ ದಿನ ಬೆಳಗಿನ ಎಳೆಬಿಸಿಲು. ಸೋಮವಾರ ಸಂಜೆ ರೋಜಾ ಬಿಟ್ಟು, ಖರ್ಜೂರ ತಿಂದು ನೀರು ಕುಡಿದ ಕೂಡಲೇ ಒಂದು ಹಿಡಿ ಕುದಿಯುವ ನೀರಿಗೆ ಹಾಕಿದಳು. ಐದು ನಿಮಿಷದ ಮೇಲೆ ಚಮಚ ಎತ್ತಿದಾಗ ಎಳೆಗಳು ಎಳೆಗಳಾಗಿಯೇ ಜೋತಾಡಿದವು. ಅಬ್ರಾರ ಒಂದನ್ನು ಬಾಯಿಗೆಳೆದುಕೊಂಡು, "ಯಾ ಅಲ್ಲಾ!" ಅಂದ. ಸಾಬೀರಾ ಅತ್ತೇಬಿಟ್ಟಳು. ಓಣಿಯಲ್ಲಿ ಆಕೆ ಅತ್ತದ್ದನ್ನು ಯಾರೂ ನೋಡಿರಲಿಲ್ಲ, ಪುಣ್ಯಕ್ಕೆ ಆವತ್ತೂ ನೋಡಲಿಲ್ಲ.

ಮರುದಿನ ಹತ್ತು ಪಾಕೀಟು ಕಟ್ಟಿಕೊಂಡು ಸಾಬೀರಾ ತಾನೇ ಲಕ್ಷ್ಮೇಶ್ವರಕ್ಕೆ ಹೋದಳು. ಟಂಟಂ ಎಷ್ಟು ಕುಣಿದರೂ ಪಾಕೀಟಿನ ತಳದಲ್ಲಿ ನುಚ್ಚು ಬೀಳಲಿಲ್ಲ. ಬೀರಲಿಂಗಪ್ಪನ ಕಿರಾಣಿ ಅಂಗಡಿ ಬಜಾರದಲ್ಲಿ, ಹಿಂದೆಯೇ ಮನೆ. ಆತ ಪಾಕೀಟು ತಿರುಗಿಸಿ ತಿರುಗಿಸಿ ಓದಿದ, ಕನ್ನಡಕ ತೆಗೆದು ಮತ್ತೆ ಓದಿದ.

"ತಂಗೀ, ಗೋಧಿ ಒಂದು ಕಾಳೂ..."

"ಇಲ್ರೀ ಅಣ್ಣಾರ, ಒಂದು ಕಾಳೂ ಇಲ್ಲ," ಅಂದಳು ಸಾಬೀರಾ. ಎದೆಯುಬ್ಬಿಸಿಯೇ ಅಂದಳು.

"ಹಂಗಾದ್ರ ಒಳಗ ಬಾ."

ಒಳಗೆ ಆತನ ಹೆಂಡತಿ ಹುಚ್ಚವ್ವ ಹಾಲು ಕಾಯಿಸಿ, ಬೆಲ್ಲದ ಪಾಕ ಮಾಡಿ ಕಾಯುತ್ತಿದ್ದಳು. ಶಾವಿಗೆ ಬೆಂದಿತು, ಎಳೆ ಎಳೆಯಾಗಿ ನಿಂತಿತು. ಹುಚ್ಚವ್ವ ಮೂಗಿನ ಮೇಲೆ ಬೆರಳಿಟ್ಟಳು. ಹಾಲು ಬೆಲ್ಲ ಕೂಡಿಸಿ ಬಟ್ಟಲಿಗೆ ಬಡಿಸಿ, "ಪ್ರಿಯಾ, ಬಾರವ್ವಾ" ಅಂತ ಕೂಗಿದಳು.

ಏಳು ವರ್ಷದ ಹುಡುಗಿ ಬಂದು ಚಕ್ಕಳ ಮಕ್ಕಳ ಹಾಕಿ ಕುಳಿತಳು. ಕೈಕಾಲು ಕಡ್ಡಿ. ವಯಸ್ಸಿಗೆ ತಕ್ಕ ಎತ್ತರವಿಲ್ಲ. ಕಣ್ಣು ಮಾತ್ರ ಬಟ್ಟಲಿನ ಮೇಲೆ.

"ನನ್ನ ಮೊಮ್ಮಗಳು," ಅಂದ ಬೀರಲಿಂಗಪ್ಪ. "ಗೋಧಿ ಅಂದ್ರ ಆಕಿ ಕರುಳಿಗೆ ವಿಷ ಇದ್ದಾಂಗ. ಹುಬ್ಬಳ್ಳಿ ಡಾಕ್ಟರ್ರು ಹೇಳ್ಯಾರ, ಜೀವನಪೂರ್ತಿ ಒಂದು ಕಣಾನೂ ಬ್ಯಾಡ ಅಂತ. ಹೋದ ವರ್ಷ ಯಾರ್ದೋ ಮದುವ್ಯಾಗ ಒಂದು ತುಂಡು ಹೋಳಿಗಿ ತಿಂದು ಎಂಟು ದಿನ ಹಾಸಿಗಿ ಹಿಡದಿದ್ಲು. ಶಾವಿಗಿ ಪಾಯಸ ತಿಂದು ನಾಕು ವರ್ಷ ಆತು. ಓಣ್ಯಾಗ ಮಕ್ಕಳು ತಿಂದ್ರ ಬಾಗಲಾಗ ನಿಂತು ನೋಡ್ತಿರತಾಳ. ನಿನ್ನ ಪಾಕೀಟಿನ ಮ್ಯಾಲಿನ ಅಕ್ಷರ ಓದಿ ಮೂರು ಸಲ ಕೇಳಿದ್ದು ಅದಕ್ಕವ್ವಾ. ನಿನ್ನ ಅಕ್ಷರ ನಂಬಿ ಕೊಡಾಕ ಹತ್ತೀನಿ."

ಸಾಬೀರಾಳಿಗೆ ಸೆರಗಿನ ಆ ಗಂಟು ನೆನಪಾಯಿತು. ಎರಡು ಹಿಡಿ ಮೈದಾ. ಎರಡು ಹಿಡಿ ಎಷ್ಟರದು ಅಂದುಕೊಂಡಿದ್ದಳಲ್ಲ! ಮಲ್ಲವ್ವನ ಬೆರಳು ಇಲ್ಲದಿದ್ದರೆ ಇವತ್ತು ಆ ಬಟ್ಟಲಿನಲ್ಲಿ... ಆದರೆ ಅದನ್ನು ಒಗೆದಾಗಿತ್ತು. ತೊಳೆದಾಗಿತ್ತು. ಮನಸ್ಸಿನಲ್ಲೇ ಆಕೆ ಮಗ್ಗದ ಮನೆಯೊಳಗೆ ಓಡಿದಳು. ಅಚ್ಚು ಕುದಿಸಿದೆ. ಮಿಷನ್ ತೊಳೆದೆ. ಪಾತ್ರೆ ತೊಳೆದೆ. ಅರಿವೆ ಹೊಸದು. ಗಳ ತೊಳೆದದ್ದು. ನೆಲ ಒರೆಸಿದೆ. ಒರೆಸುವಾಗ ಗೋಡೆಯ ಗೂಟಕ್ಕೆ ತಲೆ ತಗುಲಿತ್ತು. ಗೂಟಕ್ಕೆ...

ಜರಡಿ.

ಮೈದಾ ಹಿಡಿದ ಜರಡಿ. ಗೂಟಕ್ಕೆ ತೂಗುಹಾಕಿದ್ದ ಅದನ್ನು ಶನಿವಾರ ಬೆಳಿಗ್ಗೆ ಇಳಿಸಿ, ಒಮ್ಮೆ ತಟ್ಟಿ, ನವಣೆ ಹಿಟ್ಟು ಹಿಡಿದಿದ್ದಳು. ಯಾರಿಗೂ ಗೊತ್ತಿರಲಿಲ್ಲ. ಅದರ ತೂತಿನಲ್ಲಿ ಉಳಿದಿರಬಹುದಾದ ಕಣ ಮಲ್ಲವ್ವನ ಬೆರಳಿಗೂ ಸಿಗದಷ್ಟು ಸಣ್ಣದು.

ಹುಡುಗಿ ಚಮಚ ತುಂಬಿಕೊಂಡಿದ್ದಳು. ಒಂದು ಉದ್ದನೆಯ ಎಳೆ ಚಮಚದಿಂದ ಇಳಿಬಿದ್ದಿತ್ತು. ಅದನ್ನು ನೋಡಿ ನಗುತ್ತ ಬಾಯಿ ತೆರೆದಳು.

"ತಡಿ!"

ಬಾಗಿಲ ಆಚೆ ಬಜಾರದವರೂ ತಿರುಗಿ ನೋಡುವಂಥ ಚೀರು. ಸಾಬೀರಾ ಬಗ್ಗಿ ಚಮಚ ಕಸಿದುಕೊಂಡಿದ್ದಳು. ಹಾಲು ಹುಡುಗಿಯ ಲಂಗದ ಮೇಲೆ ಚೆಲ್ಲಿತು. ಹುಡುಗಿಯ ತುಟಿ ನಡುಗಿ, ಕಣ್ಣಲ್ಲಿ ನೀರು ತುಂಬಿತು.

"ಏನವ್ವಾ ಇದು!" ಅಂದಳು ಹುಚ್ಚವ್ವ.

"ಕೊಡಬ್ಯಾಡ್ರಿ. ಬಾಯಿಗೆ ಹೋತೇನ್ರಿ? ಹೋಗಿಲ್ಲ ಹೌದಲ್ರಿ?" ಸಾಬೀರಾ ಬಟ್ಟಲನ್ನು ಹುಡುಗಿಯ ಮುಂದಿನಿಂದ ಸರಿಸಿದಳು. ಆಮೇಲೆ ಎಲ್ಲ ಹೇಳಿದಳು. ಸೆರಗಿನ ಗಂಟು, ಎರಡು ಹಿಡಿ, ಎಮ್ಮೆಗೆ ಹಾಕಿದ್ದು, ಜರಡಿ. ಒಂದನ್ನೂ ಬಿಡದೆ, ಬೀರಲಿಂಗಪ್ಪನ ಮುಖ ನೋಡುವ ಧೈರ್ಯವಿಲ್ಲದೆ ನೆಲ ನೋಡುತ್ತ ಹೇಳಿದಳು. "ಈ ಶಾವಿಗಿಯೊಳಗ ಮೈದಾ ಹಾಕಿಲ್ರಿ ಅಣ್ಣಾರ. ಆದ್ರ ಜರಡ್ಯಾಗ ಒಂದು ಕಣ ಉಳದಿದ್ರ? ನಾ ಸುಳ್ಳ ಬರದಾಂಗ ಆಗೇತಿ. ಎಲ್ಲಾ ಪಾಕೀಟ ಕೊಡ್ರಿ, ಹೋಗ್ತೀನಿ. ಮತ್ತ ಬರೂದಿಲ್ಲ."

ಪಾಕೀಟು ಎತ್ತಿ ಎತ್ತಿ ಚೀಲಕ್ಕೆ ತುಂಬತೊಡಗಿದಳು. ಹುಚ್ಚವ್ವ ಬಟ್ಟಲನ್ನು ಎತ್ತಿ ದೂರ ಇಟ್ಟಳು. ಮೊಮ್ಮಗಳ ಕೈ ತೊಳೆದು ಒರೆಸಿದಳು.

"ಕುಂಡ್ರು," ಅಂದ ಬೀರಲಿಂಗಪ್ಪ.

"ಅಣ್ಣಾರ..."

"ಕುಂಡ್ರವ್ವಾ." ಆತ ಚೀಲ ಹಿಡಿದು ನಿಲ್ಲಿಸಿದ. "ನಾಕು ವರ್ಷದಾಗ ಎಷ್ಟು ಮಂದಿ ನನಗ ಗೋಧಿ ಇಲ್ಲ ಗೋಧಿ ಇಲ್ಲ ಅಂತ ಆಣಿ ಮಾಡ್ಯಾರ. ಆಣಿ ಮಾಡಿದವರನ್ನ ನಂಬಿ ನಂಬಿ ಈ ಕೂಸಿನ ಕಣ್ಣೀರ ನೋಡೇನಿ. ಬಾಯಿ ಮುಂದಿನ ಚಮಚ ಕಸಗೊಂಡಾಕಿ ನೀ ಒಬ್ಬಾಕಿ. ಹೊಸಾ ಜರಡಿ ತಗೋ. ಮತ್ತ ಮಾಡು. ಎದುರಿನ ಹಲಗಿ ಇವತ್ತ ಖಾಲಿ ಮಾಡಸ್ತೀನಿ. ಆಕಿ ಹಬ್ಬಕ್ಕ ತಿಂದ್ರಾತು, ನಾಕು ದಿನ ಏನ ದೊಡ್ಡದು."

ಸಾಬೀರಾಳ ಕಣ್ಣೀರು ಚೀಲದೊಳಗೆ ಬಿತ್ತು. ಓಣಿಯ ಹಾಲಿನವನು ನೋಡಿದ್ದರೆ ನಂಬುತ್ತಿರಲಿಲ್ಲ.

ಬೆಟಗೇರಿಗೆ ಬಂದವಳೇ ಹೊಸ ಜರಡಿ ತಂದಳು. ಹಳೆಯದನ್ನು ಒಲೆಗೆ ಹಾಕಿದಳು. ಅಚ್ಚು, ಅರಿವೆ, ಒಲೆಯ ಮುಂದಿನ ಹುಟ್ಟು ಕೂಡ ಬದಲಾಯಿತು. ಮಿಷನ್ನು, ಗಳ ಎಲ್ಲ ಮತ್ತೆ ತೊಳೆದಳು, ಹಳೆಯ ಹಿಟ್ಟು ಒಂದು ಚಿಟಿಕೆಯೂ ಉಳಿಸದೆ ಹೊಸದಾಗಿ ಬೀಸಿದಳು. ಮಲ್ಲವ್ವ ಎಲ್ಲ ಕೇಳಿಸಿಕೊಂಡಳು. "ಗಂಜಿಗೆ ನೀರಿಡು" ಅಂದಳು, ಅಷ್ಟೇ. ಮತ್ತೆ ಆ ಪುಟು ಪುಟು ದನಿ, ಮತ್ತೆ ಬಿಳುಪು ಹೋಗಿ ಬಂದ ಆ ಬೆಳಕು, ಮತ್ತೆ ಗಳದ ತುಂಬ ಹೊನ್ನಿನ ಹಾಸು.

ಹಬ್ಬದ ದಿನ ಈದಗಾದಿಂದ ಅಬ್ರಾರ ಬರುವಷ್ಟರಲ್ಲಿ ಮಗ್ಗದ ಮನೆಯ ಮುಂದೆ ಬೀರಲಿಂಗಪ್ಪನ ಸ್ಕೂಟರು ನಿಂತಿತ್ತು. ಹಿಂದೆ ಪ್ರಿಯಾ. ಆಕೆಯೇ ಹಠ ಮಾಡಿದ್ದಳಂತೆ, ಶಾವಿಗೆ ಅಂಗಡಿಗೆ ಬರುವ ತನಕ ಕಾಯುವುದಿಲ್ಲ, ಅಲ್ಲೇ ಹೋಗಿ ತಿನ್ನುತ್ತೇನೆ ಅಂತ. ಸಾಬೀರಾ ಹೊಸ ಪಾತ್ರೆಯಲ್ಲಿ ಹಬ್ಬದ ಪಾಯಸ ಶೀರ್ ಖುರ್ಮಾ ಮಾಡಿದ್ದಳು, ನವಣೆ ಶಾವಿಗೆಯದು, ಹಾಲು ಖರ್ಜೂರ ಹಾಕಿ. ಮಲ್ಲವ್ವನ ಪಕ್ಕದಲ್ಲಿ ಹುಡುಗಿಯನ್ನು ಕೂಡಿಸಿದಳು. ಬಟ್ಟಲು ಇಟ್ಟಳು. ಇಟ್ಟು, ಬಟ್ಟಲಿನ ಅಂಚು ಬಿಡದೆ, ಮನಸ್ಸಿನಲ್ಲಿ ಇನ್ನೊಮ್ಮೆ ಆ ಮನೆಯನ್ನೆಲ್ಲ ಸುತ್ತಿಬಂದಳು. ಗೂಟ, ಜರಡಿ, ಹುಟ್ಟು, ಅರಿವೆ, ಅಚ್ಚು, ಗಳ. ಆಮೇಲೆ ಕೈ ಬಿಟ್ಟಳು.

"ತಿನ್ನವ್ವಾ."

ಹುಡುಗಿ ಚಮಚ ಎತ್ತಿದಳು. ಒಂದು ತುದಿ ಬಾಯಿಗೆ ಸಿಕ್ಕಿತು, ಇನ್ನೊಂದು ತುದಿ ಬಟ್ಟಲಲ್ಲೇ ಉಳಿಯಿತು. ಸುರ್ರೆಂದು ಎಳೆದಳು. ಎಳೆ ಬಂದೇ ಬಂತು, ಬಂದೇ ಬಂತು, ತುದಿಯ ತನಕ. ಬೀರಲಿಂಗಪ್ಪ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸತೊಡಗಿದ.

ಮಲ್ಲವ್ವ ಮುಖ ಮೇಲಕ್ಕೆತ್ತಿ ಆ ಸದ್ದು ಕೇಳುತ್ತಿದ್ದಳು. "ನಡುವ ಹರೀಲಿಲ್ಲ ಹೌದಿಲ್ಲೋ?" ಅಂದಳು.

ಸಾಬೀರಾ ಮುದುಕಿಯ ಎರಡು ಬೆರಳು ಹಿಡಿದು ಎತ್ತಿ, ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು. ಅತ್ತ ಪ್ರಿಯಾ ಖಾಲಿ ಬಟ್ಟಲು ಮುಂದೆ ಮಾಡಿ, "ಇನ್ನೊಂದೀಟು ಹಾಕ್ರಿ" ಅಂದಳು.